ರಾಜೀನಾಮೆಗೆ ಎರಡು ವಾಕ್ಯ ಸಾಕು

2019ರ ಜುಲೈಯಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರ ಅಲುಗಾಡುತ್ತಿದ್ದಾಗ ರಾಜ್ಯದ ಜನರಿಗೆಲ್ಲ ಒಂದು ವಿಚಿತ್ರ ಸಂಗತಿ ತಿಳಿಯಿತು. ರಾಜೀನಾಮೆ ಕೊಡುವುದಕ್ಕೂ ಒಂದು ಕ್ರಮ ಇದೆ, ಅದನ್ನು ತಪ್ಪಾಗಿ ಬರೆಯಲೂ ಬರುತ್ತದೆ ಎಂಬುದೇ ಆ ಸಂಗತಿ. ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ತಮ್ಮ ಕಚೇರಿಗೆ ಬಂದಿದ್ದ 13 ಪತ್ರಗಳಲ್ಲಿ 8 ನಮೂನೆಗೆ ತಕ್ಕಂತಿಲ್ಲ ಎಂದರು. ಕೆಲವೇ ದಿನಗಳಲ್ಲಿ, ಸುಪ್ರೀಂ ಕೋರ್ಟಿನ ಸೂಚನೆಯಂತೆ, ಶಾಸಕರು ಮುಂಬೈಯಿಂದ ವಿಮಾನ ಹತ್ತಿ ಬಂದು ವಿಧಾನಸೌಧದಲ್ಲಿ ಮತ್ತೊಮ್ಮೆ ಬರೆದುಕೊಟ್ಟರು. ಹಲವು ಚುನಾವಣೆ ಗೆದ್ದವರೂ ಎಡವಿದ ಜಾಗ ಅದು.

ಹಾಗೆ ನೋಡಿದರೆ ಜನಪ್ರತಿನಿಧಿಯ ರಾಜೀನಾಮೆಯಷ್ಟು ಸುಲಭದ ಬರಹ ಇನ್ನೊಂದಿಲ್ಲ. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 240ನೆಯ ನಿಯಮ ಸದಸ್ಯರಿಗೆ ಸಿದ್ಧ ವಾಕ್ಯವನ್ನೇ ಕೊಟ್ಟಿದೆ: ಇಂಥ ದಿನಾಂಕದಿಂದ ಸದನದ ನನ್ನ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ, ಅಷ್ಟೇ. ಕಾರಣ ಬರೆಯಬಾರದು ಎಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಯಾರಾದರೂ ತಡೆಯಲಾರದೆ ಕಾರಣವನ್ನೋ ಬೇರೆ ಮಾತನ್ನೋ ಸೇರಿಸಿದ್ದರೆ ಅದನ್ನು ಬಿಟ್ಟುಬಿಡುವ ಅಧಿಕಾರ ಸಭಾಧ್ಯಕ್ಷರಿಗಿದೆ. ಬಿಟ್ಟ ಆ ಮಾತನ್ನು ಸದನದಲ್ಲಿ ಓದುವುದೂ ಇಲ್ಲ.

ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1974ರ ಆಗಸ್ಟ್ 9ರಂದು ಸಹಿ ಹಾಕಿದ ರಾಜೀನಾಮೆ ಪತ್ರದಲ್ಲಿಯೂ ಇದ್ದದ್ದು ಒಂದೇ ವಾಕ್ಯ. ಅದನ್ನು ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಅವರ ಹೆಸರಿಗೆ ಬರೆಯಲಾಗಿತ್ತು. ಹೇಳಬೇಕಾದ್ದನ್ನೆಲ್ಲ ನಿಕ್ಸನ್ ಹಿಂದಿನ ರಾತ್ರಿಯೇ ಟಿ.ವಿ.ಯಲ್ಲಿ ದೇಶದ ಮುಂದೆ ಹೇಳಿಕೊಂಡಿದ್ದರು. ಮಾತಿಗೆ ಭಾಷಣ ಇತ್ತು. ಪತ್ರಕ್ಕೆ ಉಳಿದದ್ದು ಹುದ್ದೆ ಬಿಡುವ ಕೆಲಸ ಮಾತ್ರ.

ಇಷ್ಟು ದೊಡ್ಡ ಹುದ್ದೆಗಳಿಗೆ ಒಂದು ವಾಕ್ಯ ಸಾಕಾದರೆ, ಇಪ್ಪತ್ತಮೂರು ವರ್ಷದ ಹುಡುಗಿ ತನ್ನ ಮೊದಲ ಕೆಲಸ ಬಿಡಲು ಒಂದೂವರೆ ಪುಟ ಬರೆಯುವುದೇಕೆ? ನಮ್ಮಲ್ಲಿ ಇದಕ್ಕೆ ಕಾರಣ ಶಾಲೆಯ ರಜಾ ಚೀಟಿ ಇರಬೇಕು. ಇಂದ, ಗೆ, ವಿಷಯ ಎಂದು ಮೇಲೆ ಬರೆದು, "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿ, ಜ್ವರವನ್ನೋ ಅಕ್ಕನ ಮದುವೆಯನ್ನೋ ಕಾರಣವಾಗಿ ಕೊಟ್ಟು, ದಯಮಾಡಿ ಮಂಜೂರು ಮಾಡಬೇಕೆಂದು ಬೇಡಿಕೊಳ್ಳುವುದನ್ನು ನಾವು ಐದನೇ ತರಗತಿಯಲ್ಲೇ ಕಲಿತುಬಿಟ್ಟಿರುತ್ತೇವೆ. ಮೇಲಿನವರಿಗೆ ಬರೆಯುವ ಪತ್ರವೆಂದರೆ ನಮಗೆ ಗೊತ್ತಿರುವುದು ಅದೊಂದೇ. ರಜಾ ಚೀಟಿ ಅನುಮತಿ ಕೇಳುತ್ತದೆ, ಹಾಗಾಗಿ ಅದಕ್ಕೆ ಕಾರಣ ಬೇಕು. ಖಾಸಗಿ ಕೆಲಸದ ರಾಜೀನಾಮೆ ಮುಖ್ಯವಾಗಿ ತಿಳಿವಳಿಕೆ ಕೊಡುವ ಪತ್ರ. ನೇಮಕಾತಿ ಪತ್ರಕ್ಕೆ ಸಹಿ ಹಾಕುವಾಗಲೇ ಇಷ್ಟು ದಿನ ಮೊದಲು ತಿಳಿಸಿ ಹೋಗಬಹುದು ಎಂಬ ಮಾತಿಗೆ ಎರಡೂ ಕಡೆಯವರು ಒಪ್ಪಿರುತ್ತಾರೆ. ಈಗ ಅದರಂತೆ ತಿಳಿಸುವುದಷ್ಟೇ ಬಾಕಿ. ಏರ್ ಇಂಡಿಯಾದ ನೌಕರರೊಬ್ಬರ ಪ್ರಕರಣದಲ್ಲಿ 2018ರ ಕೊನೆಗೆ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿತು: ರಾಜೀನಾಮೆ ನೌಕರನ ಹಕ್ಕು, ಮನಸ್ಸಿಲ್ಲದವನನ್ನು ದುಡಿಸಿಕೊಳ್ಳಲು ಬರುವುದಿಲ್ಲ. ಆದರೆ ನೇಮಕಾತಿಯ ಷರತ್ತು ಅಡ್ಡ ಬಂದರೆ, ಅಥವಾ ಶಿಸ್ತು ಕ್ರಮದಿಂದ ತಪ್ಪಿಸಿಕೊಳ್ಳಲೆಂದೇ ರಾಜೀನಾಮೆ ಕೊಟ್ಟಿದ್ದರೆ ಆ ಮಾತು ಬೇರೆ. ಸರ್ಕಾರಿ ನೌಕರಿಯ ಲೆಕ್ಕವೂ ಬೇರೆ. ಅಲ್ಲಿ ಮೇಲಧಿಕಾರಿ ಅಂಗೀಕರಿಸಿದ ಮೇಲೆಯೇ ಬಿಡುಗಡೆ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತುರುವೇಕೆರೆ ಕಡೆಯ ಹುಡುಗಿ, ಬಿ.ಕಾಂ. ಮುಗಿಸಿ ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಅಕೌಂಟ್ಸ್ ವಿಭಾಗ ಸೇರಿ ಎರಡು ವರ್ಷವಾಗಿದೆ. ಬೇರೆ ಕಡೆ ಕೆಲಸ ಸಿಕ್ಕಿದೆ. ಆಫೀಸಿನ ಮಾತಿನಲ್ಲಿ ಹೇಳುವುದಾದರೆ "ಪೇಪರ್ ಹಾಕಬೇಕು". ನೇಮಕಾತಿ ಪತ್ರದಲ್ಲಿ 60 ದಿನಗಳ ನೋಟಿಸ್ ಅವಧಿ ಇದೆ. ಜೂನ್ 3, ಸೋಮವಾರ, ಆಕೆ ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

"ಮಾನ್ಯರೇ, ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ಎರಡು ವರ್ಷದಿಂದ ತಮ್ಮ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದು ತಮ್ಮಿಂದ ಬಹಳ ಕಲಿತಿದ್ದೇನೆ. ನಮ್ಮ ತಂದೆಯವರ ಆರೋಗ್ಯ ಸರಿಯಿಲ್ಲದ ಕಾರಣ ಕೆಲಸ ಬಿಡಬೇಕಾಗಿದೆ. ಏಪ್ರಿಲ್‌ನಲ್ಲಿ ಹೇಳಿದಂತೆ ಸಂಬಳ ಹೆಚ್ಚಾಗಲಿಲ್ಲ ಎಂಬ ಬೇಸರವೂ ಇದೆ. ಬೇರೊಂದು ಕಂಪನಿಯಲ್ಲಿ ಅವಕಾಶ ಸಿಕ್ಕಿದ್ದು ಜುಲೈ 1ರಂದು ಸೇರಬೇಕಿದೆ. ಆದ್ದರಿಂದ ಆದಷ್ಟು ಬೇಗ ನನ್ನನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ. ಬಾಕಿ ಇರುವ ಕೆಲಸವನ್ನೆಲ್ಲ ಮುಗಿಸಿಕೊಟ್ಟೇ ಹೋಗುತ್ತೇನೆ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ. ತಮ್ಮ ಒಪ್ಪಿಗೆಗಾಗಿ ಕಾಯುತ್ತಿರುತ್ತೇನೆ."

ಒಳ್ಳೆಯ ಮನಸ್ಸಿನ ಪತ್ರ. ಆದರೆ ಎಚ್.ಆರ್. ವಿಭಾಗದವರು ಇದನ್ನು ಓದುವಾಗ ಹುಡುಕುವುದು ಒಂದನ್ನೇ: ಈಕೆಯ ಕೊನೆಯ ಕೆಲಸದ ದಿನ ಯಾವುದು? ಇಡೀ ಪತ್ರದಲ್ಲಿ ಅದೊಂದೇ ಇಲ್ಲ! "ಆದಷ್ಟು ಬೇಗ" ಎಂಬುದು ತಾರೀಖಲ್ಲ. ಅದನ್ನು ನಾಳೆ ಎಂದೂ ಓದಬಹುದು, ಬದಲಿ ಆಳು ಸಿಕ್ಕ ಮೇಲೆ ಎಂದೂ ಓದಬಹುದು. ಓದುವ ಅಧಿಕಾರ ಮಾತ್ರ ಬರೆದವಳ ಕೈಯಲ್ಲಿಲ್ಲ.

ತಂದೆಯ ಆರೋಗ್ಯದ ಮಾತು ನಿಜವಲ್ಲದಿದ್ದರೆ ಅದು ತೀರಾ ದುಬಾರಿ ವಾಕ್ಯ. ಎರಡು ಸಾಲಿನ ಕೆಳಗೆ ಹೊಸ ಕೆಲಸದ ಸುದ್ದಿ ಇದೆ, ಅಂದರೆ ಪತ್ರವೇ ತನ್ನ ಮಾತನ್ನು ಅಲ್ಲಗಳೆಯುತ್ತಿದೆ. ಹೊಸ ಕಂಪನಿ ಹಿನ್ನೆಲೆ ಪರಿಶೀಲನೆಗೆ ಫೋನ್ ಮಾಡಿ ಕೆಲಸ ಬಿಟ್ಟ ಕಾರಣ ಕೇಳಿದಾಗ, ಹಳೆಯ ಕಡತದಲ್ಲಿರುವುದೊಂದು, ಆಕೆ ಸಂದರ್ಶನದಲ್ಲಿ ಹೇಳಿದ್ದು ಇನ್ನೊಂದು ಎಂದಾಗುತ್ತದೆ. ಕಾರಣ ನಿಜವೇ ಆಗಿದ್ದರೂ ಚರ್ಚೆಗೆ ಬಾಗಿಲು ತೆರೆದಂತೆ. ತಂದೆಯವರಿಗೆ ಹುಷಾರಿಲ್ಲವೇ, ಒಂದು ತಿಂಗಳು ರಜೆ ತೆಗೆದುಕೊಳ್ಳಮ್ಮ, ರಾಜೀನಾಮೆ ಯಾಕೆ ಎಂದು ಮ್ಯಾನೇಜರು ಕೇಳಿದರೆ ಏನು ಉತ್ತರ? ಸಂಬಳದ ದೂರಿನ ಗತಿಯೂ ಅಷ್ಟೇ. ಹೆಚ್ಚಿಸುತ್ತೇವೆ ಇರು ಎಂದರೆ ಇರಬೇಕಾಗುತ್ತದೆ, ಇಲ್ಲವೇ ಸಂಬಳ ನಿಜವಾದ ಕಾರಣವಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಸಂಬಳದ ಜಗಳ ಆಡುವುದಿದ್ದರೆ ಪೇಪರ್ ಹಾಕುವ ಮೊದಲೇ ಆಡಬೇಕು.

ಜುಲೈ 1ರ ಸಂಗತಿ ಇನ್ನೂ ಸೂಕ್ಷ್ಮ. 60 ದಿನ ಕೆಲಸ ಮಾಡಬೇಕಾದವಳು 28ನೆಯ ದಿನ ಬೇರೆ ಕಡೆ ಸೇರುತ್ತೇನೆ ಎಂದು ಲಿಖಿತವಾಗಿ ಹೇಳಿದಂತಾಯಿತು. ನೋಟಿಸ್ ಪೂರೈಸುವ ಉದ್ದೇಶವೇ ಇವಳಿಗಿಲ್ಲ ಎಂದು ನಾಳೆ ಯಾರಾದರೂ ವಾದಿಸಿದರೆ ಪುರಾವೆ ಆಕೆಯದೇ ಅಕ್ಷರದಲ್ಲಿರುತ್ತದೆ. ಬೇಗ ಹೋಗಬೇಕಿದ್ದರೆ ಅದಕ್ಕೆ ದಾರಿ ಇದೆ, ಆದರೆ ಅದು ಬೇರೆ ಪತ್ರ. ಮೊದಲು ಪೂರ್ತಿ ನೋಟಿಸ್ ಲೆಕ್ಕದ ತಾರೀಖು ಹಾಕಿ ರಾಜೀನಾಮೆ ಕೊಟ್ಟು, ಸ್ವೀಕೃತಿ ಬಂದ ಮೇಲೆ ಮುಂಚಿತ ಬಿಡುಗಡೆಯ ಕೋರಿಕೆಯನ್ನು ಪ್ರತ್ಯೇಕ ಮೇಲ್‌ನಲ್ಲಿ ಕಳಿಸುವುದು ಕ್ಷೇಮ. ಆ ಕೋರಿಕೆ ತಿರಸ್ಕೃತವಾದರೂ ರಾಜೀನಾಮೆಗೆ ಏನೂ ಆಗುವುದಿಲ್ಲ. ಅವರು ಒಪ್ಪಿದರೆ ಉಳಿದ ದಿನಗಳಿಗೆ ಹಣ ಕಟ್ಟಬೇಕಾಗಬಹುದು. ಇದನ್ನು ಆಫೀಸುಗಳಲ್ಲಿ "ನೋಟಿಸ್ ಬೈಔಟ್" ಎನ್ನುತ್ತಾರೆ. ಅದರ ಲೆಕ್ಕ ಮೂಲ ವೇತನದ ಮೇಲೋ, ಒಟ್ಟು ಸಂಬಳದ ಮೇಲೋ ಎಂಬುದು ನೇಮಕಾತಿ ಪತ್ರದಲ್ಲೇ ಇರುತ್ತದೆ. ಒಟ್ಟು ಸಂಬಳ 32,000, ಮೂಲ ವೇತನ 14,000 ಇರುವವರಿಗೆ 30 ದಿನಗಳ ಕೊರತೆ ಎಂದರೆ ಒಂದು ಲೆಕ್ಕದಲ್ಲಿ 32,000 ರೂಪಾಯಿ, ಇನ್ನೊಂದರಲ್ಲಿ 14,000. ಹೊಸ ಕಂಪನಿ ಈ ಹಣ ಕೊಡುತ್ತದೆಯೇ ಎಂದು ಕೇಳಿಕೊಳ್ಳುವುದು ಇದಕ್ಕೂ ಮೊದಲ ಕೆಲಸ.

ಇದ್ಯಾವುದೂ ಬೇಡ, ಹೇಳದೆ ಕೇಳದೆ ಜುಲೈ 1ಕ್ಕೆ ಹೋಗಿ ಸೇರಿಬಿಟ್ಟರೆ? ಹಾಗೆ ಮಾಡುವವರಿದ್ದಾರೆ. ಆದರೆ ಪಿ.ಎಫ್. ಪಾಸ್‌ಬುಕ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಒಬ್ಬರಿಗೆ ಒಂದೇ ಯು.ಎ.ಎನ್. ಸಂಖ್ಯೆ ಇರುವುದರಿಂದ, ಒಂದೇ ತಿಂಗಳಿಗೆ ಎರಡು ಕಂಪನಿಗಳ ಹಣ ಜಮೆಯಾಗಿದ್ದರೆ ಪಾಸ್‌ಬುಕ್ ತೆರೆದವರಿಗೆಲ್ಲ ಕಾಣುತ್ತದೆ. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ಪಿ.ಎಫ್. ದಾಖಲೆಗೆ ಸೇರಿಸದಿದ್ದರೆ ಹಣ ವರ್ಗಾವಣೆಗೂ ತೊಡಕು. ರಾಜೀನಾಮೆ ಪತ್ರ, ರಿಲೀವಿಂಗ್ ಲೆಟರ್, ಪಿ.ಎಫ್. ದಾಖಲೆ ಮೂರರಲ್ಲೂ ಒಂದೇ ತಾರೀಖು ಇರಬೇಕು. ಆ ತಾರೀಖನ್ನು ಮೊದಲು ಬರೆಯುವ ಅವಕಾಶ ಇರುವುದು ರಾಜೀನಾಮೆ ಕೊಡುವವರಿಗೆ.

"ಬಾಕಿ ಕೆಲಸವನ್ನೆಲ್ಲ ಮುಗಿಸಿಕೊಟ್ಟೇ ಹೋಗುತ್ತೇನೆ" ಎಂಬ ವಾಕ್ಯವನ್ನು ಬರೆಯುವಾಗ ಆಕೆಯ ಕಣ್ಣು ತುಂಬಿರಬಹುದು. ಆದರೆ ಅಕೌಂಟ್ಸ್ ವಿಭಾಗದಲ್ಲಿ ಬಾಕಿ ಕೆಲಸ ಎಂದು ಮುಗಿದಿದೆ? ಜಿ.ಎಸ್.ಟಿ. ರಿಟರ್ನ್ ಪ್ರತಿ ತಿಂಗಳೂ ಬರುತ್ತದೆ, ಆಡಿಟ್ ಪ್ರತಿ ವರ್ಷ ಬರುತ್ತದೆ. ಈ ವಾಕ್ಯ ಇದ್ದರೆ ಆಗಸ್ಟ್‌ನಲ್ಲಿ ಯಾರಾದರೂ "ನೀನೇ ಬರೆದುಕೊಟ್ಟಿದ್ದೀಯಲ್ಲಮ್ಮ" ಎನ್ನಬಹುದು. ಕೆಲಸ ಹಸ್ತಾಂತರಿಸಬೇಕು, ನಿಜ. ಅದಕ್ಕೆ ಬೇರೆಯೇ ಪಟ್ಟಿ ಮಾಡಿ, ಯಾವ ಫೈಲು ಯಾರಿಗೆ ಎಂದು ಬರೆದು ಸಹಿ ಪಡೆಯುವುದು ರೂಢಿ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಎಂಬುದು ಬೀಳ್ಕೊಡುಗೆಯ ಕೇಕ್ ಕತ್ತರಿಸುವಾಗ ಚಂದದ ಮಾತು. ಲೆಕ್ಕಪತ್ರ ನೋಡಿಕೊಳ್ಳುವವರ ಕಡತದಲ್ಲಿ ಅಂಥ ಸಾಲು ಇರದಿರುವುದೇ ಒಳ್ಳೆಯದು. ಇನ್ನು ಒಪ್ಪಿಗೆಗಾಗಿ ಕಾಯುತ್ತೇನೆ ಎಂಬುದು ಅದೇ ಹಳೆಯ ರಜಾ ಚೀಟಿಯ ಬಾಲ. ಒಪ್ಪಿಗೆ ಬರುವವರೆಗೆ ನೋಟಿಸ್ ಶುರುವಾಗಿಲ್ಲ ಎನ್ನಲು ಅದು ಎಡೆಮಾಡಿಕೊಡುತ್ತದೆ.

ಇಷ್ಟೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದು ಇದು:

"ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಈ ಪತ್ರದ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ 60 ದಿನಗಳ ನೋಟಿಸ್ ಅವಧಿಯಂತೆ ನನ್ನ ಕೊನೆಯ ಕೆಲಸದ ದಿನ ಆಗಸ್ಟ್ 2."

ಮೇಲೆ ತಾರೀಖು, ಮ್ಯಾನೇಜರ ಹೆಸರು. ಕೆಳಗೆ ಸಹಿ, ನೌಕರರ ಸಂಖ್ಯೆ. ಇಂಗ್ಲಿಷಿನಲ್ಲಿ ಬರೆದರೂ ಇದೇ ಎರಡು ವಾಕ್ಯ. ಇಲ್ಲಿ ಕಲಿಸಿದ್ದಕ್ಕೆ ಧನ್ಯವಾದ ಎಂಬ ಮೂರನೆಯದೊಂದನ್ನು ಸೇರಿಸಿದರೆ ನಷ್ಟವೇನಿಲ್ಲ, ಮನಸ್ಸಿನಿಂದ ಬಂದಿದ್ದರೆ ಸೇರಿಸಲೂಬಹುದು. ಇದಕ್ಕಿಂತ ಚಿಕ್ಕದು ಸಾಧ್ಯವೇ? ಎರಡನ್ನೂ ಹೆಣೆದು ಒಂದೇ ವಾಕ್ಯ ಮಾಡಬಹುದು. ಆದರೆ "ಕೆಲಸ ಬಿಡುತ್ತಿದ್ದೇನೆ" ಎಂದಷ್ಟೇ ಬರೆದರೆ ಅದು ಅಗತ್ಯಕ್ಕಿಂತ ಚಿಕ್ಕದು, ಏಕೆಂದರೆ ಮತ್ತೆ ತಾರೀಖು ಕಾಣೆ. "ತಕ್ಷಣದಿಂದ" ಎಂಬ ಒಂದು ಪದ ಇಡೀ ನೋಟಿಸ್ ಅವಧಿಯನ್ನು ನುಂಗಿಹಾಕುತ್ತದೆ.

ಆಗಸ್ಟ್ 2 ಹೇಗೆ ಬಂತು ಎಂಬುದನ್ನೂ ನೋಡಬೇಕು. ಪತ್ರ ಕೊಟ್ಟ ಮರುದಿನ, ಅಂದರೆ ಜೂನ್ 4, ಮೊದಲ ದಿನ. ಜೂನ್ ಮುಗಿಯುವಾಗ 27, ಜುಲೈ ಮುಗಿಯುವಾಗ 58, ಇನ್ನೆರಡು ಸೇರಿದರೆ ಆಗಸ್ಟ್ 2. ಕೊಟ್ಟ ದಿನವನ್ನೂ ಎಣಿಸುವ ಕಂಪನಿಯಲ್ಲಿ ಅದು ಆಗಸ್ಟ್ 1 ಆಗುತ್ತದೆ. ಪತ್ರದಲ್ಲಿ 60 ದಿನ ಎಂದಿದೆಯೋ ಎರಡು ತಿಂಗಳು ಎಂದಿದೆಯೋ ಎಂಬುದನ್ನು ಕಣ್ಣಿಟ್ಟು ನೋಡಬೇಕು, ಏಕೆಂದರೆ ಎರಡರ ಲೆಕ್ಕ ಸದಾ ಒಂದೇ ದಿನಕ್ಕೆ ಬಂದು ನಿಲ್ಲುವುದಿಲ್ಲ. ಪ್ರೊಬೇಷನ್‌ನಲ್ಲಿದ್ದಾಗ ಒಂದು ಅವಧಿ, ಕೆಲಸ ಖಾಯಂ ಆದ ಮೇಲೆ ಇನ್ನೊಂದು ಇರುವುದೂ ಉಂಟು. ಮೊದಲ ಕೆಲಸದವರು ಎಡವುವುದು ಹೆಚ್ಚಾಗಿ ಇಲ್ಲೇ. ಖಾಯಂ ಪತ್ರ ಕೈಗೆ ಬಂದಾಗ ಸಂಭ್ರಮದಲ್ಲಿ ಸಂಬಳದ ಸಾಲನ್ನಷ್ಟೇ ಓದಿ ಒಳಗಿಟ್ಟಿರುತ್ತಾರೆ.

ತಾರೀಖಿಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ನ್ಯಾಯಾಂಗದಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ 1977ರ ಮೇ 7ರಂದು ರಾಷ್ಟ್ರಪತಿಗೆ ಪತ್ರ ಬರೆದು, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಕೊಟ್ಟರು. ಪತ್ರ ಚಿಕ್ಕದು, ತಾರೀಖು ಸ್ಪಷ್ಟ. ಜುಲೈ 15ರಂದು ಮನಸ್ಸು ಬದಲಿಸಿ ಅದನ್ನು ಹಿಂತೆಗೆದುಕೊಂಡರು. ಒಮ್ಮೆ ಕೊಟ್ಟ ರಾಜೀನಾಮೆಯನ್ನು ನ್ಯಾಯಾಧೀಶರು ಹಿಂದಕ್ಕೆ ಪಡೆಯಬಹುದೇ ಎಂದು ಪ್ರಶ್ನಿಸಿ ಒಬ್ಬರು ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿದ್ದು: ಮುಂದಿನ ತಾರೀಖು ಹಾಕಿದ ರಾಜೀನಾಮೆ ಆ ದಿನ ಬರುವವರೆಗೆ ಜಾರಿಗೆ ಬಂದಿರುವುದಿಲ್ಲ, ಹಾಗಾಗಿ ಹಿಂಪಡೆಯಬಹುದು. ಪತ್ರದಲ್ಲಿ ಆಗಸ್ಟ್ 1 ಎಂಬುದೊಂದು ಇಲ್ಲದಿದ್ದರೆ ಆ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ. ಖಾಸಗಿ ಕಂಪನಿಯಲ್ಲಿ ಹಿಂಪಡೆಯುವುದು ಇಷ್ಟು ಸಲೀಸಲ್ಲ, ಅಲ್ಲಿ ಒಪ್ಪಂದದ ಷರತ್ತು ಮತ್ತು ಕಂಪನಿ ಅಷ್ಟರೊಳಗೆ ರಾಜೀನಾಮೆಯನ್ನು ಅಂಗೀಕರಿಸಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಬಾಂಡ್ ಬರೆದುಕೊಟ್ಟವರಿಗೆ ಇನ್ನೊಂದು ಆಸೆ ಇರುತ್ತದೆ: ಈ ಬಾಂಡ್ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ರಾಜೀನಾಮೆ ಪತ್ರದಲ್ಲೇ ಹೇಳಿಬಿಡೋಣ ಎಂದು. ಬೇಡ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷದ ಬಾಂಡ್ ಮುಗಿಯುವ ಮೊದಲೇ 2009ರಲ್ಲಿ ಕೆಲಸ ಬಿಟ್ಟಿದ್ದರು. ಬಾಂಡಿನ 2 ಲಕ್ಷ ರೂಪಾಯಿಯನ್ನು ಆಕ್ಷೇಪ ದಾಖಲಿಸಿ ಕಟ್ಟಿ, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಬ್ಯಾಂಕು ಹಾಕಿದ ಷರತ್ತು ಸರಿಯಾಗಿಯೇ ಇದೆ ಎಂದು ನ್ಯಾಯಾಲಯ ಹೇಳಿತು. ಇಷ್ಟು ವರ್ಷ ವಕೀಲರೇ ವಾದಿಸಿದ ವಿಷಯವನ್ನು ಹೊಸಬರು ಒಂದು ಸಾಲಿನಲ್ಲಿ ತೀರ್ಮಾನಿಸುವುದು ಆಗದ ಮಾತು. ಬಾಂಡನ್ನು ಒಪ್ಪಿದ್ದೇನೆ ಎಂದೂ ಬರೆಯಬೇಕಿಲ್ಲ, ಒಪ್ಪುವುದಿಲ್ಲ ಎಂದೂ ಬರೆಯಬೇಕಿಲ್ಲ. ಅವರು ಹಣ ಕೇಳಿದಾಗ ಅದಕ್ಕೆ ಬೇರೆ ಉತ್ತರ ಕೊಟ್ಟರಾಯಿತು.

ಚಿಕ್ಕ ಪತ್ರ ಎಲ್ಲ ಸಂದರ್ಭಕ್ಕೂ ಸರಿ ಎಂದಲ್ಲ. ಮುಖ್ಯವಾಗಿ, ರಾಜೀನಾಮೆ ಸ್ವಂತ ಇಚ್ಛೆಯದಲ್ಲದಾಗ. ಮೀಟಿಂಗ್ ಕೋಣೆಗೆ ಕರೆದು, ಬಾಗಿಲು ಹಾಕಿ, ನಾವಾಗಿ ತೆಗೆದುಹಾಕಿದರೆ ನಿನಗೇ ಕೆಟ್ಟ ಹೆಸರು, ನೀನೇ ವೈಯಕ್ತಿಕ ಕಾರಣ ಎಂದು ಬರೆದುಕೊಡು ಎನ್ನುವ ಪದ್ಧತಿ ಇದೆ. ಹಾಗೆ ಬರೆದುಕೊಟ್ಟ ಮೇಲೆ, ನನ್ನನ್ನು ತೆಗೆದರು ಎಂದು ಯಾವ ಅಧಿಕಾರಿಯ ಮುಂದೆ ಹೋದರೂ ಆ ಎರಡು ಪದ ಎದುರಿಗೆ ಬಂದು ನಿಲ್ಲುತ್ತವೆ. ಶಾಸಕರ, ಸಂಸದರ ವಿಷಯದಲ್ಲಿ ಸಂವಿಧಾನವೇ ಈ ಅಪಾಯವನ್ನು ಗುರುತಿಸಿದೆ. 1974ರ 33ನೆಯ ತಿದ್ದುಪಡಿಯ ನಂತರ, ರಾಜೀನಾಮೆ ಸ್ವಇಚ್ಛೆಯದಲ್ಲ ಅಥವಾ ನೈಜವಲ್ಲ ಎಂದು ಸಭಾಧ್ಯಕ್ಷರಿಗೆ ಮನವರಿಕೆಯಾದರೆ ಅದನ್ನು ಅಂಗೀಕರಿಸದೆ ಇರಬೇಕು. ಪೀಣ್ಯದ ಹುಡುಗಿಗೆ ಅಂಥ ಸಭಾಧ್ಯಕ್ಷರಿಲ್ಲ. ಆಕೆ ಮಾಡಬಹುದಾದ್ದು ಅಂದು ಸಹಿ ಹಾಕದೆ, ಮನೆಗೆ ಹೋಗಿ ಯೋಚಿಸಿ ತಿಳಿಸುತ್ತೇನೆ ಎಂದು ಎದ್ದು ಬರುವುದು, ಅದೇ ಸಂಜೆ ನಡೆದದ್ದನ್ನು ಮೇಲ್‌ನಲ್ಲಿ ಬರೆದು ಕಳಿಸುವುದು.

ಕಿರುಕುಳದ ಕಾರಣಕ್ಕೆ ಕೆಲಸ ಬಿಡುವವರೂ ಅದನ್ನು ರಾಜೀನಾಮೆಯ ಮೂರನೆಯ ಪ್ಯಾರಾದಲ್ಲಿ ಹೂತುಹಾಕಬಾರದು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೆ ಲಿಖಿತವಾಗಿ ಹೋಗಬೇಕು, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳ ಒಳಗೆ. ರಾಜೀನಾಮೆ ಓದುವುದು ಮ್ಯಾನೇಜರು. ಎಷ್ಟೋ ಸಲ ದೂರು ಇರುವುದೇ ಅವರ ಮೇಲೆ.

ಎರಡು ವಾಕ್ಯದ ಪತ್ರವನ್ನು ಕಳಿಸುವ ಕ್ರಮವೂ ಸರಳ. ಮೊದಲು ಮ್ಯಾನೇಜರಿಗೆ ಬಾಯಲ್ಲಿ ಹೇಳಿ, ಅದೇ ದಿನ ಅವರಿಗೆ ಮೇಲ್, ಎಚ್.ಆರ್. ವಿಭಾಗಕ್ಕೆ ಪ್ರತಿ. ಕಂಪನಿಯ ಪೋರ್ಟಲ್‌ನಲ್ಲಿಯೂ ರಾಜೀನಾಮೆ ದಾಖಲಿಸಬೇಕಿದ್ದರೆ ಅಲ್ಲಿಯೂ ಅದೇ ತಾರೀಖು. ಅಲ್ಲಿ ಕಾರಣ ಆರಿಸದೆ ಮುಂದೆ ಹೋಗಲು ಬಿಡದಿದ್ದರೆ ಪಟ್ಟಿಯಲ್ಲಿರುವ "ಉತ್ತಮ ಅವಕಾಶ" ಸಾಕು. ವಾಟ್ಸ್ಯಾಪ್‌ನಲ್ಲಿ ಕಳಿಸಿ ನೀಲಿ ಗೆರೆ ಬಂತು ಎಂದು ನೆಮ್ಮದಿಯಾಗಬಾರದು. ಸ್ವೀಕರಿಸಿದ್ದೇವೆ, ಕೊನೆಯ ದಿನ ಇಂಥದ್ದು ಎಂಬ ಉತ್ತರ ಬರೆಹದಲ್ಲಿ ಬರಬೇಕು, ಬಾರದಿದ್ದರೆ ಎರಡು ದಿನ ಬಿಟ್ಟು ನೆನಪಿಸಬೇಕು. ಆ ಉತ್ತರದ ಪ್ರತಿಯನ್ನು ಮೂರು ತಿಂಗಳ ಸಂಬಳದ ಚೀಟಿಗಳ ಜೊತೆ ಸ್ವಂತ ಖಾತೆಯಲ್ಲಿಯೋ ಕಾಗದದಲ್ಲಿಯೋ ಇಟ್ಟುಕೊಳ್ಳಬೇಕು. ಆಫೀಸಿನ ಮೇಲ್ ಖಾತೆ ಕೊನೆಯ ದಿನ ಸಂಜೆಗೇ ಮುಚ್ಚಿಹೋಗುತ್ತದೆ, ಹೊಸ ಕಂಪನಿ ಈ ಕಾಗದಗಳನ್ನು ಕೇಳುವುದು ಅದಾದ ಮೇಲೆ.